ವಿಗ್, ಹೇರ್ ಪ್ಯಾಚ್ ವ್ಯಾಪಾರ: ಕೂದಲು ಕೊಳ್ಳುವ ಮೊದಲು

ಪ್ರಶ್ನೆ: "ತುಮಕೂರಲ್ಲಿ ವಿಗ್, ಹೇರ್ ಎಕ್ಸ್‌ಟೆನ್ಶನ್ ಅಂಗಡಿ ಹಾಕ್ಬೇಕು ಅಂತಿದ್ದೀನಿ. ಹೋಲ್‌ಸೇಲ್‌ನಲ್ಲಿ ಅಗ್ಗವಾಗಿ ಎಲ್ಲಿ ಸಿಗುತ್ತೆ? ಎಷ್ಟು ಸ್ಟಾಕ್ ಇಡಬೇಕು?"

ಸ್ಟಾಕ್ ಇಡಲೇಬೇಡಿ. ಇದು ಸರಕು ಮಾರುವ ವ್ಯಾಪಾರ ಅಲ್ಲ, ಕೂರಿಸಿ ನೋಡಿಕೊಳ್ಳುವ ಕೆಲಸ. ಬಣ್ಣ ತೋರಿಸಲು ಒಂದು ಕಲರ್ ರಿಂಗ್, ಕೂದಲನ್ನು ಕೂರಿಸಿರುವ ತೆಳು ತಳ, ಅಂದರೆ ಬೇಸ್, ಅದರ ಎರಡು ಮೂರು ಬಗೆಯ ಸ್ಯಾಂಪಲ್ ಸಾಕು. ಉಳಿದದ್ದನ್ನು ಅಳತೆ ತೆಗೆದುಕೊಂಡು, ಮುಂಗಡ ಪಡೆದು ತರಿಸಿ.

ಇನ್ನು ಅಗ್ಗದ ಮಾತು. ಈ ಕಸುಬಿನಲ್ಲಿ ಹೊಸಬರು ಮುಳುಗುವುದೇ ಅಲ್ಲಿ. ಮಾರುಕಟ್ಟೆಯಲ್ಲಿ ಎರಡು ಮೂಲದ ಕೂದಲಿದೆ. ಒಂದು, ತಿರುಪತಿಯಂಥ ಕ್ಷೇತ್ರಗಳಲ್ಲಿ ಮುಡಿ ಕೊಟ್ಟದ್ದು. ಇನ್ನೊಂದು, ಬಾಚುವಾಗ ಉದುರಿ, ಮನೆಮನೆಯಿಂದ ಸಂಗ್ರಹವಾಗಿ ಬರುವಂಥದ್ದು. ನಮ್ಮ ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ ಹದ ಮಾಡುವ ಕೆಲಸವೇ ಒಂದು ದೊಡ್ಡ ಉದ್ಯಮ. ಕೂದಲಿನ ಮೈಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ, ಅದು ಬುಡದಿಂದ ತುದಿಯ ಕಡೆಗೆ ಮಲಗಿರುತ್ತದೆ. ಮುಡಿ ಕೂದಲನ್ನು ಕಟ್ಟಿ ತೆಗೆದರೆ ಬುಡವೆಲ್ಲ ಒಂದೇ ಕಡೆ ಉಳಿಯುತ್ತದೆ, ಇದಕ್ಕೇ ರೆಮಿ ಅನ್ನುವುದು. ಉದುರಿದ ಕೂದಲಿನಲ್ಲಿ ಬುಡ, ತುದಿ ಕಲಸಿಹೋಗಿ ಪದರಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸಿಕ್ಕಾಗದಿರಲಿ ಅಂತ ಎಷ್ಟೋ ಕಡೆ ಆಸಿಡ್‌ನಲ್ಲಿ ಅದ್ದಿ ಪದರವನ್ನೇ ಕರಗಿಸಿ, ಮೇಲೆ ಸಿಲಿಕೋನ್ ಹಚ್ಚುತ್ತಾರೆ. ಅಂಗಡಿಯಲ್ಲಿ ಅದು ರೆಮಿಗಿಂತಲೂ ಚೆನ್ನಾಗಿ ಹೊಳೆಯುತ್ತದೆ. ಕೆಲವು ಸಲ ತೊಳೆದರೆ ಸಿಲಿಕೋನ್ ಹೋಗುತ್ತದೆ, ಆಮೇಲೆ ಕತ್ತಿನ ಹತ್ತಿರ ಜಡೆಗಟ್ಟುತ್ತದೆ. ಗ್ರಾಹಕರು ಬಂದು ಕೇಳುವುದು ನಿಮ್ಮನ್ನೇ, ಹೋಲ್‌ಸೇಲ್‌ನವರನ್ನಲ್ಲ.

ಹಾಗಾಗಿ ಮೊದಲು 25 ಗ್ರಾಂ ಮಾತ್ರ ಕೊಳ್ಳಿ. ಒಂದೆಳೆಯನ್ನು ಬೆರಳುಗಳ ನಡುವೆ ಬುಡದಿಂದ ತುದಿಗೆ ಎಳೆಯಿರಿ, ಆಮೇಲೆ ತುದಿಯಿಂದ ಬುಡಕ್ಕೆ. ಎರಡನೆಯ ಸಲ ಸ್ವಲ್ಪ ತಡೆದಂತಾಗಬೇಕು. ಎರಡೂ ಕಡೆ ಒಂದೇ ಥರ ಜಾರಿದರೆ ಅನುಮಾನಪಡಿ. ನಂತರ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಆರು ಸಲ ತೊಳೆದು, ಕಂಡೀಷನರ್ ಹಚ್ಚದೆ ಗಾಳಿಗೆ ಒಣಗಿಸಿ ಬಾಚಿ. ಬಾಚಣಿಗೆ ಹಾದುಹೋದರೆ ಆರ್ಡರ್ ಕೊಡಿ. ಒಂದೆರಡು ಎಳೆ ಸುಟ್ಟೂ ನೋಡಿ: ಪ್ಲಾಸ್ಟಿಕ್ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ, ನಿಜವಾದ ಕೂದಲು ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ.

ದರ ಹಾಕುವಾಗ ಕೊಂಡ ಬೆಲೆಯ ಮೇಲೆ ಇಷ್ಟು ಪರ್ಸೆಂಟ್ ಅಂತ ಸೇರಿಸಬೇಡಿ. ಬೋಳಾದ ಜಾಗಕ್ಕೆ ಅಂಟಿಸುವ ಗಂಡಸರ ಪ್ಯಾಚ್ ಒಂದು ನಿಮಗೆ 9,000 ರೂಪಾಯಿಗೆ ಬಿತ್ತು ಅನ್ನಿ. ಸಾಗಣೆ, ಹಾಳಾಗುವ ಪೀಸು ಅಂತ 900. ಅಳತೆ, ಅಂಟಿಸುವುದು, ತಲೆಗೆ ಹೊಂದುವಂತೆ ಕತ್ತರಿಸುವುದು ಮೂರು ಗಂಟೆ, ಗಂಟೆಗೆ 500 ಹಿಡಿದರೆ 1,500. ಟೇಪು, ರಿಮೂವರ್ 300. ಪ್ಯಾಚ್ ತೆಗೆದು ತೊಳೆದು ಮತ್ತೆ ಅಂಟಿಸುವ ಮೊದಲ ಸರ್ವಿಸ್ ಉಚಿತ ಅಂತ ಹೇಳಿರುತ್ತೀರಿ, ಅದರ ಒಂದೂವರೆ ಗಂಟೆಗೆ 750. ಒಟ್ಟು 12,450. ಕೊಂಡ ಬೆಲೆಗೆ 30% ಸೇರಿಸಿ 11,700ಕ್ಕೆ ಕೊಟ್ಟಿದ್ದರೆ ಬಾಡಿಗೆ ಲೆಕ್ಕಕ್ಕೆ ಮೊದಲೇ 750 ನಷ್ಟ. 15,500ಕ್ಕೆ ಕಡಿಮೆ ಹೇಳಬೇಡಿ. ಮುಂದಿನ ಸರ್ವಿಸ್‌ಗಳ ದರವನ್ನೂ ಅವತ್ತೇ ಬರೆದುಕೊಡಿ.

ಅಳತೆಗೆ ತಲೆಯ ಮೇಲೆ ಕ್ಲಿಂಗ್ ಫಿಲ್ಮ್ ಬಿಗಿಯಾಗಿ ಹೊದಿಸಿ, ಮೇಲೆ ಪಾರದರ್ಶಕ ಟೇಪನ್ನು ಎರಡು ಮೂರು ಪದರ ಹಾಕಿ, ಬೋಳಾದ ಭಾಗದ ಅಂಚು, ಮುಂಭಾಗ, ಸುಳಿಯ ದಿಕ್ಕನ್ನು ಮಾರ್ಕರ್‌ನಲ್ಲಿ ಬರೆಯಿರಿ. ಆ ಅಚ್ಚನ್ನೇ ತಯಾರಕರಿಗೆ ಕಳಿಸುವುದು. ಅಂಟು, ಟೇಪನ್ನು ಎರಡು ದಿನ ಮುಂಚೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಕೆಂಪಾಗುತ್ತದಾ ನೋಡಿ.

ಆಮೇಲಿನ ಜೋಪಾನದಲ್ಲಿ ನಮ್ಮವರ ದೊಡ್ಡ ತೊಂದರೆ ಎಣ್ಣೆ. ಕೊಬ್ಬರಿ ಎಣ್ಣೆ ಟೇಪಿನ ಅಂಟನ್ನು ಸಡಿಲಿಸುತ್ತದೆ, ಹಾಗಾಗಿ ಎಣ್ಣೆಸ್ನಾನ ಪ್ಯಾಚ್ ತೆಗೆದ ದಿನ ಮಾತ್ರ ಅಂತ ಮೊದಲೇ ಹೇಳಿ. ಮತ್ತೆ ಅಂಟಿಸುವ ಮುನ್ನ ತಲೆ ಚೆನ್ನಾಗಿ ತೊಳೆದು ಜಿಡ್ಡು ಪೂರ್ತಿ ಹೋಗಿರಬೇಕು. ಪ್ಯಾಚಿನ ಕೂದಲಿಗೆ ಬುಡದಿಂದ ಜಿಡ್ಡು ಬರುವುದಿಲ್ಲ, ಪ್ರತಿ ಸಲ ತೊಳೆದಾಗಲೂ ಕಂಡೀಷನರ್ ಬೇಕು. ಮೂರು ನಾಲ್ಕು ವಾರಕ್ಕೊಮ್ಮೆ ಬರಹೇಳಿ, ಬೆವರು ಹೆಚ್ಚಿದ್ದರೆ ಇನ್ನೂ ಬೇಗ. ತೆಗೆಯುವಾಗ ರಿಮೂವರ್ ಅಂಚಿಗೆ ಹಾಕಿ ಐದು ನಿಮಿಷ ಬಿಡಿ, ಎಳೆಯಬೇಡಿ. ಎಳೆದರೆ ಸುತ್ತಲಿನ ಸ್ವಂತ ಕೂದಲೂ ಕಿತ್ತು ಬರುತ್ತದೆ, ಬೇಸ್ ಕೂಡ ಹರಿಯುತ್ತದೆ. ನೆತ್ತಿಯಲ್ಲಿ ಗಾಯ, ಗುಳ್ಳೆ ಕಂಡರೆ ಅವತ್ತು ಅಂಟಿಸದೆ ಚರ್ಮದ ಡಾಕ್ಟರ ಹತ್ತಿರ ಕಳಿಸಿ.

ಕೀಮೋಥೆರಪಿ ಪಡೆಯುವವರು ಬಂದರೆ ಟೇಪು, ಅಂಟು, ಕ್ಲಿಪ್ ಯಾವುದೂ ಬೇಡ, ಹಿಂದೆ ಪಟ್ಟಿ ಬಿಗಿಸುವ ಮೃದು ಒಳಪದರದ ವಿಗ್ ಕೊಡಿ. ಸಾಧ್ಯವಾದರೆ ಕೂದಲು ಉದುರುವ ಮೊದಲೇ ಬಣ್ಣ ಹೊಂದಿಸಿಕೊಳ್ಳಿ. ಉದುರಿದ ಮೇಲೆ ತಲೆಯ ಸುತ್ತಳತೆ ಕಡಿಮೆಯಾಗುತ್ತದೆ, ಹಾಗಾಗಿ ಪಟ್ಟಿ ಬಿಗಿಸಿಕೊಡಲು ಇನ್ನೊಮ್ಮೆ ಕರೆಯಬೇಕು. ಅದಕ್ಕೆ ದುಡ್ಡು ತೆಗೆದುಕೊಳ್ಳಬೇಡಿ.