ಚೀಸ್ ಫೋಟೊ ಕಳಿಸುವವರಿಗೆ: ಬಣ್ಣ ಬಿಡಿ, ಸಿಪ್ಪೆ ನೋಡಿ

ಪ್ರಶ್ನೆ: ಮಗಳ ಮನೆಗೆಂದು ಫ್ರಾನ್ಸ್‌ನ ಲಿಯಾನ್‌ಗೆ ಬಂದಿದ್ದೇವೆ. ಇಲ್ಲಿನ ಅಂಗಡಿಯೊಂದರ ಚೀಸ್ ಕೌಂಟರ್ ಫೋಟೊ ಕಳಿಸಿದ್ದೇನೆ. ಬೆಲೆಚೀಟಿಗಳು ಮಬ್ಬಾಗಿವೆ. ಯಾವುದು ಯಾವ ಚೀಸ್, ಎಷ್ಟು ಹಳೆಯದು? ಹಳದಿ ಜಾಸ್ತಿ ಇದ್ದಷ್ಟೂ ಹಳೆಯದು ಅಲ್ವಾ?

ಅಲ್ಲ. ಈ ಹಳದಿಯ ಕಥೆ ಎಲ್ಲಿಂದ ಹುಟ್ಟಿತೋ, ವರ್ಷವಿಡೀ ಇದೇ ಪ್ರಶ್ನೆ ಬರುತ್ತದೆ. ಹಸು ಹಸಿರು ಹುಲ್ಲು ಮೇಯ್ದರೆ ಹುಲ್ಲಿನ ಕೆರೋಟಿನ್ ಹಾಲಿನ ಕೊಬ್ಬಿಗೆ ಬರುತ್ತದೆ, ಚೀಸ್ ಹಳದಿಯಾಗುತ್ತದೆ. ಚಳಿಗಾಲದಲ್ಲಿ ಒಣಹುಲ್ಲು ತಿಂದ ಅದೇ ಹಸುವಿನ ಚೀಸ್ ಬಿಳಿಚಿಕೊಂಡಿರುತ್ತದೆ. ಆಡು, ಎಮ್ಮೆಗಳ ಹಾಲಲ್ಲಿ ಈ ಹಳದಿ ಬಹುತೇಕ ಇರುವುದಿಲ್ಲ. ನಮ್ಮ ಎಮ್ಮೆ ಬೆಣ್ಣೆಯನ್ನೂ ಹಸುವಿನ ಬೆಣ್ಣೆಯನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಇದರ ಮೇಲೆ ಅಂಗಡಿಯವರ ಹಳದಿ ದೀಪ ಬೇರೆ. ಆ ದೀಪದ ಕೆಳಗೆ ತೆಗೆದ ಫೋಟೊದಲ್ಲಿ ಬಣ್ಣ ನೋಡಿ ವಯಸ್ಸು ಹೇಳುವವರು ಸುಮ್ನೆ ಊಹೆ ಮಾಡುತ್ತಿದ್ದಾರೆ.

ನಿಮ್ಮ ಫೋಟೊದ ಎಡತುದಿಯ ಕಡು ಕಿತ್ತಳೆ ಅರ್ಧಗೋಳವನ್ನೇ ನೋಡಿ. ಅದು ಮಿಮೊಲೆಟ್. ಆ ಬಣ್ಣ ವಯಸ್ಸಿನದ್ದಲ್ಲ, ಅನಾಟೊ ಎಂಬ ಬೀಜದ್ದು. ಮೊದಲ ದಿನವೇ ಹಾಲಿಗೆ ಹಾಕುತ್ತಾರೆ. ಇಲ್ಲಿ ವಯಸ್ಸು ಇರುವುದು ಸಿಪ್ಪೆಯಲ್ಲಿ. ಎಳೆಯ ಮಿಮೊಲೆಟ್‌ನ ಸಿಪ್ಪೆ ನಯವಾಗಿರುತ್ತದೆ. ತಿಂಗಳುಗಳು ಕಳೆದಂತೆ ಚೀಸ್ ನುಸಿಗಳು ಸಿಪ್ಪೆಯನ್ನು ಕೊರೆದು ಕರಬೂಜದ ಹಾಗೆ ಒರಟು ಮಾಡುತ್ತವೆ. ಹೌದು, ನುಸಿಗಳೇ, ಬೇಕೆಂದೇ ಬಿಟ್ಟವು. ನಿಮ್ಮ ಫೋಟೊದ ಗೋಳದ ಮೇಲೆ ಗುಳಿಗಳು ಆಳವಾಗಿವೆ, ಕತ್ತರಿಸಿದ ಅಂಚು ಚೂಪಾಗಿ ಒಡೆದಿದೆ. ವರ್ಷ ದಾಟಿದೆ ಎಂದು ಧೈರ್ಯವಾಗಿ ಹೇಳಬಹುದು.

ಹಾಗಾಗಿ ಫೋಟೊ ಕೈಗೆ ಬಂದರೆ ನಾನು ಮೊದಲು ಸಿಪ್ಪೆ ನೋಡುತ್ತೇನೆ, ಆಮೇಲೆ ಸಿಪ್ಪೆಗೆ ಅಂಟಿದ ಒಳಅಂಚು, ಕೊನೆಗೆ ತಿರುಳು. ಹೆಸರು ಸಿಪ್ಪೆಯಲ್ಲಿ ಸಿಗುತ್ತದೆ, ವಯಸ್ಸು ಹೆಚ್ಚಾಗಿ ಆ ಒಳಅಂಚಿನಲ್ಲಿ.

ಮುಂದಿನ ಸಾಲಿನ ಬಿಳಿ ತುಪ್ಪುಳದ ಸಿಪ್ಪೆಯ ಚಪ್ಪಟೆ ತುಂಡುಗಳು ಬ್ರೀ. ಪಕ್ಕದಲ್ಲಿ ಮರದ ತೆಳು ಡಬ್ಬಿಯಲ್ಲಿರುವ ಪುಟ್ಟದು ಕ್ಯಾಮೆಂಬರ್. ಎರಡರ ಮೇಲೂ ಒಂದೇ ಜಾತಿಯ ಬಿಳಿ ಬೂಷ್ಟು. ಕಣ್ಣಿಗೆ ಸಿಗುವ ದೊಡ್ಡ ವ್ಯತ್ಯಾಸ ಗಾತ್ರ. ಕ್ಯಾಮೆಂಬರ್ ಸುಮಾರು 11 ಸೆಂಟಿಮೀಟರ್ ಅಗಲ, 250 ಗ್ರಾಂ. ಬ್ರೀ ದ ಮೋ ಎಂಬ ಅಸಲಿ ಬ್ರೀ 36-37 ಸೆಂಟಿಮೀಟರ್ ಅಗಲದ ತಟ್ಟೆ, ಅದಕ್ಕೇ ತ್ರಿಕೋನವಾಗಿ ಕತ್ತರಿಸಿ ಮಾರುತ್ತಾರೆ.

ಈ ಜಾತಿಯ ಚೀಸ್ ಹೊರಗಿನಿಂದ ಒಳಕ್ಕೆ ಮಾಗುತ್ತದೆ. ಮೇಲಿನ ಬೂಷ್ಟು ಚೀಸಿನ ಹುಳಿಯನ್ನು ತಿಂದು ಮುಗಿಸುತ್ತದೆ. ಹುಳಿ ಇಳಿದ ಕಡೆ ತಿರುಳು ಮೆತ್ತಗಾಗುತ್ತದೆ. ಆದ್ದರಿಂದ ಕತ್ತರಿಸಿದ ಮುಖದ ನಡುವೆ ಸೀಮೆಸುಣ್ಣದಂಥ ಬಿಳಿ ಪಟ್ಟಿ ಇದ್ದರೆ ಅದು ಇನ್ನೂ ಮಾಗದ ಭಾಗ. ನಿಮ್ಮ ಫೋಟೊದ ಎಡಗಡೆಯ ತುಂಡಿನಲ್ಲಿ ಆ ಪಟ್ಟಿ ದಪ್ಪದ ಮೂರನೇ ಒಂದರಷ್ಟಿದೆ. ತಿನ್ನಬಹುದು, ಆದರೆ ಹುಳಿ ಎದ್ದು ಕಾಣುತ್ತದೆ. ಬಲಗಡೆಯದರಲ್ಲಿ ಪಟ್ಟಿ ಗೆರೆಯಷ್ಟೇ ಉಳಿದಿದೆ, ಸಿಪ್ಪೆಯ ಮೇಲೆ ಕಂದು ಚುಕ್ಕೆ ಬಂದಿವೆ. ಕೊಳ್ಳುವುದಿದ್ದರೆ ಅದನ್ನೇ ಕೊಳ್ಳಿ. ಹಿಂದೆ ಇರುವ ಮೂರನೆಯದು ಬೇಡ. ಅದರಲ್ಲಿ ಸಿಪ್ಪೆಯ ಅಡಿಯ ಪದರ ನೀರಾಗಿ ಹರಿಯುತ್ತಿದೆ, ನಡುಭಾಗ ಮಾತ್ರ ಗಟ್ಟಿ ಬಿಳಿ. ಬೆಚ್ಚಗಿನ ಜಾಗದಲ್ಲಿಟ್ಟು ಅವಸರ ಮಾಡಿದರೆ, ಇಲ್ಲವೇ ಹಸಿ ಚೀಸಿನ ನೀರು ಸರಿಯಾಗಿ ಬಸಿಯದಿದ್ದರೆ ಹೀಗಾಗುತ್ತದೆ. ಹರಿಯುವುದನ್ನು ನೋಡಿ ಹಣ್ಣಾಗಿದೆ ಅಂತ ಖುಷಿಪಡುವವರಿದ್ದಾರೆ. ಇದು ಹಣ್ಣಾಗಿದ್ದಲ್ಲ, ಕೆಟ್ಟು ಮಾಗಿದ್ದು.

ಒಂದು ಎಚ್ಚರಿಕೆ ಇದೆ. ಸೂಪರ್‌ಮಾರ್ಕೆಟ್‌ಗೆಂದು ಕಾರ್ಖಾನೆಯಲ್ಲಿ ಮಾಡುವ ಬ್ರೀಯನ್ನು ಮೊದಲ ವಾರದಿಂದಲೇ ಒಂದೇ ಸಮ ಮೆತ್ತಗಿರುವಂತೆ ಮಾಡುತ್ತಾರೆ. ಅದರ ನಡುವೆ ಬಿಳಿ ಪಟ್ಟಿಯೂ ಇರುವುದಿಲ್ಲ, ಸಿಪ್ಪೆಯಲ್ಲಿ ಚುಕ್ಕೆಯೂ ಇರುವುದಿಲ್ಲ. ಅಂಥದ್ದರ ಫೋಟೊ ಕಳಿಸಿ ವಯಸ್ಸು ಕೇಳಬೇಡಿ. ನನಗಲ್ಲ, ಯಾರಿಗೂ ಕಾಣುವುದಿಲ್ಲ.

ಇನ್ನು ಹಿಂದಿನ ಸಾಲಿನ ಮೂರು ದೊಡ್ಡ ಹಳದಿ ಕಲ್ಲುಗಳಂಥವು. ಜನ ಜಾಸ್ತಿ ತಪ್ಪುವುದು ಇಲ್ಲಿಯೇ. ಚೆರ್ರಿ ಗಾತ್ರದ ತೂತುಗಳಿರುವುದು ಎಮೆಂಟಲ್. ಇದನ್ನು ಕೆಲವು ವಾರ ಬೆಚ್ಚಗಿನ ಕೋಣೆಯಲ್ಲಿಡುತ್ತಾರೆ. ಆಗ ಪ್ರೊಪಿಯಾನಿಕ್ ಬ್ಯಾಕ್ಟೀರಿಯಾ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅನಿಲ ನಿಂತಲ್ಲಿ ತೂತು. ತೂತು ಹೆಚ್ಚಿದ್ದರೆ ರುಚಿ ಹೆಚ್ಚು ಎಂಬ ನಿಯಮ ಎಲ್ಲೂ ಇಲ್ಲ.

ಉಳಿದ ಎರಡಕ್ಕೆ ತೂತಿಲ್ಲ. ಬಲಗಡೆಯದರ ಚಕ್ರದ ಬದಿ ಒಳಕ್ಕೆ ಬಾಗಿದೆ, ನೋಡಿ. ಅದು ಬೋಫೋರ್. ಬೀಚ್ ಮರದ ಬಳೆಯೊಳಗೆ ಒತ್ತುವುದರಿಂದ ಬದಿಗೆ ಆ ಬಾಗು ಬರುತ್ತದೆ. ಮಧ್ಯದ್ದರ ಬದಿ ನೆಟ್ಟಗಿದೆ, ಸುತ್ತಲೂ ಹಸಿರು ಪಟ್ಟಿ ಅಂಟಿಸಿದ್ದಾರೆ. ಅದು ಕಾಂಟೆ. ಆ ಪಟ್ಟಿ ಇಲ್ಲದೆ ಬರೀ ಒಂದು ತುಂಡಿನ ಫೋಟೊ ಕಳಿಸಿದ್ದರೆ ಕಾಂಟೆಯೋ ಸ್ವಿಸ್ ಗ್ರುಯೇರೋ ಅಂತ ನಾನು ಹೇಳುತ್ತಿರಲಿಲ್ಲ. ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಆ ಹಸಿರು ಪಟ್ಟಿಯ ಬಗ್ಗೆಯೂ ಒಂದು ಸುಳ್ಳು ಓಡಾಡುತ್ತಿದೆ. ಹಸಿರು ಅಂದರೆ ಹಳೆಯದು, ಕಂದು ಅಂದರೆ ಎಳೆಯದು ಅಂತ ಮಾರುವವರೇ ಹೇಳುತ್ತಾರೆ. ಪಟ್ಟಿಗೂ ವಯಸ್ಸಿಗೂ ಸಂಬಂಧವಿಲ್ಲ. ಪ್ರತಿ ಚಕ್ರಕ್ಕೂ 20ಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. 14 ದಾಟಿದ್ದಕ್ಕೆ ಹಸಿರು, 12ರಿಂದ 14ಕ್ಕೆ ಕಂದು. 12ಕ್ಕಿಂತ ಕೆಳಗಿನದಕ್ಕೆ ಕಾಂಟೆ ಎಂಬ ಹೆಸರೇ ಸಿಗದು. ನಾಲ್ಕು ತಿಂಗಳು ಮಾಗದ ಚಕ್ರವನ್ನು ಕಾಂಟೆ ಎಂದು ಮಾರುವ ಹಾಗಿಲ್ಲ. ಅಷ್ಟು ದಿನದ ಎಳೆಯ ಚಕ್ರಕ್ಕೂ ಹಸಿರು ಪಟ್ಟಿ ಇರಬಹುದು.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಮೊದಲು ಒಳಅಂಚು. ಎಳೆಯದರಲ್ಲಿ ತಿರುಳು ಸಿಪ್ಪೆಯವರೆಗೂ ಒಂದೇ ಬಣ್ಣ. ತಿಂಗಳು ಕಳೆದಂತೆ ನೀರು ಆರಿ ಸಿಪ್ಪೆಯ ಕೆಳಗೆ ಕಂದು ಛಾಯೆಯ ಅಂಚು ಅಗಲವಾಗುತ್ತ ಹೋಗುತ್ತದೆ. ಆಮೇಲೆ ತಿರುಳಿನ ಬಿಳಿ ಚುಕ್ಕೆಗಳು. ಪ್ರೋಟೀನ್ ಒಡೆದು ಬಿಡುಗಡೆಯಾದ ಟೈರೋಸಿನ್ ಹರಳುಗಟ್ಟಿದಾಗ ಇವು ಮೂಡುತ್ತವೆ, ಬಾಯಲ್ಲಿ ಕಟಕಟ ಅನ್ನುತ್ತವೆ. ಉಪ್ಪಲ್ಲ, ಬೂಷ್ಟಲ್ಲ, ಯಾರೋ ಬೆರೆಸಿದ ಪುಡಿಯಂತೂ ಅಲ್ಲವೇ ಅಲ್ಲ. ಕೊನೆಗೆ ಬಿರುಕು. ಎಳೆಯ ತಿರುಳು ಬಾಗುತ್ತದೆ. ಹಳೆಯದು ಬಾಗದೆ ಸೀಳುತ್ತದೆ, ಅಡ್ಡಡ್ಡ ಸಣ್ಣ ಗೆರೆಗಳು ಕಾಣುತ್ತವೆ. ನಿಮ್ಮ ಕಾಂಟೆಯಲ್ಲಿ ಅಂಚು ಅಗಲವಾಗಿದೆ, ಚುಕ್ಕೆಗಳು ಕಾಣುತ್ತಿವೆ, ಒಂದೆರಡು ಅಡ್ಡ ಸೀಳೂ ಇವೆ. ಮೂರೂ ಒಟ್ಟಿಗೆ ಇರುವುದರಿಂದ ಒಂದು ವರ್ಷಕ್ಕೆ ಮೇಲ್ಪಟ್ಟದ್ದು ಅನ್ನುತ್ತೇನೆ. 14 ತಿಂಗಳೋ 20 ತಿಂಗಳೋ ಅಂದರೆ ಫೋಟೊದಿಂದ ಆಗದು. ಬರೀ ಬಿರುಕನ್ನು ನೋಡಿ ತೀರ್ಮಾನಿಸಬೇಡಿ. ಕಡೆಗಣಿಸಿ ಒಣಗಿಸಿದ ಎಳೆಯ ಚೀಸೂ ಬಿರಿಯುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಕಿತ್ತಳೆ ಬಣ್ಣದ, ಹೊಳೆಯುವ, ಸುಕ್ಕು ಸಿಪ್ಪೆಯದನ್ನು ಮಾಗುವಾಗ ಆಗಾಗ ಉಪ್ಪುನೀರಲ್ಲಿ ತೊಳೆದಿದ್ದಾರೆ. ಆ ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದಕ್ಕೆ ಬಣ್ಣವನ್ನೂ ಕಾಲುಚೀಲದ ವಾಸನೆಯನ್ನೂ ಕೊಡುತ್ತದೆ. ಮುನ್ಸ್ಟರ್ ಇರಬಹುದು, ಎಪ್ವಾಸ್ ಇರಬಹುದು, ಡಬ್ಬಿಯ ಮುಚ್ಚಳ ಕಾಣದೆ ಹೇಳಲಾರೆ. ಬೆಳ್ಳಿ ಕಾಗದದಲ್ಲಿ ಸುತ್ತಿದ, ದಂತದ ಬಿಳುಪಿನ ತಿರುಳಲ್ಲಿ ಹಸಿರು-ನೀಲಿ ಗೂಡುಗಳಿರುವ, ಸಿಪ್ಪೆಯೇ ಇಲ್ಲದ ತುಂಡು ಬಹುತೇಕ ರಾಕ್‌ಫೋರ್. ಕುರಿ ಹಾಲಿನದು, ಕನಿಷ್ಠ 90 ದಿನದ್ದು. ಬೂದಿ ಬಳಿದ ಉದ್ದನೆಯ ಕೊರಡು ಆಡಿನ ಹಾಲಿನ ಸೇಂತ್ ಮೋರ್. ನಡುವೆ ಹುಲ್ಲುಕಡ್ಡಿ ತೂರಿಸಿರುವುದು ಫೋಟೊದಲ್ಲೇ ಕಾಣುತ್ತಿದೆ.

ಇನ್ನೊಮ್ಮೆ ಕಳಿಸುವಾಗ ಫ್ಲ್ಯಾಶ್ ಬೇಡ, ಮೇಲಿನಿಂದಲೂ ತೆಗೆಯಬೇಡಿ. ಕತ್ತರಿಸಿದ ಮುಖವೂ ಸಿಪ್ಪೆಯ ಬದಿಯೂ ಒಟ್ಟಿಗೆ ಬರುವಂತೆ ಓರೆಯಾಗಿ ತೆಗೆಯಿರಿ. ಪ್ಲಾಸ್ಟಿಕ್ ಸುತ್ತಿದ್ದರೆ ಬಿಚ್ಚಿ ತೋರಿಸಲು ಕೇಳಿ, ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ಬೆಂಕಿಗೆ ಹಿಡಿದಾಗ ಕರಗದ ಚೀಸ್ ಪ್ಲಾಸ್ಟಿಕ್ ಅಂತ ವಾಟ್ಸ್ಆ್ಯಪ್ ವಿಡಿಯೊ ಬಂದಿದೆ. ನಿಜವೇ?

ನಿಮ್ಮ ಮನೆಯ ಪನೀರೂ ಕರಗುವುದಿಲ್ಲ, ವಿಡಿಯೊ ಅಳಿಸಿ.

ಪ್ರಶ್ನೆ: ಫೋಟೊ ನೋಡಿ ಸಸ್ಯಾಹಾರಿ ಚೀಸ್ ಯಾವುದು ಹೇಳಿ.

ಕಾಣುವುದಿಲ್ಲ. ಹಾಲು ಒಡೆಸಲು ಯಾವ ರೆನೆಟ್ ಹಾಕಿದ್ದಾರೆಂದು ಕೇಳಿಯೇ ತಿಳಿಯಬೇಕು. ಕಾಂಟೆ, ರಾಕ್‌ಫೋರ್, ಪಾರ್ಮಿಜಾನೊ ರೆಜ್ಜಾನೊ ಮೂರಕ್ಕೂ ಪ್ರಾಣಿ ರೆನೆಟ್ಟೇ.

ಪ್ರಶ್ನೆ: ಮೇಣದ ಸಿಪ್ಪೆ ತಿನ್ನಬಹುದೇ?

ಮೇಣ ಬೇಡ, ಬ್ರೀ ಸಿಪ್ಪೆ ತಿನ್ನಿ, ಪಾರ್ಮಿಜಾನೊ ಸಿಪ್ಪೆಯನ್ನು ಸೂಪಿಗೆ ಹಾಕಿ.

ಪ್ರಶ್ನೆ: ಮಗಳು ಬಸುರಿ. ಫೋಟೊದಲ್ಲಿರುವ ಬ್ರೀ ಚೆನ್ನಾಗಿದ್ದರೆ ಕೊಡಬಹುದೇ?

ಬೇಡ. ಲಿಸ್ಟೀರಿಯಾ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಫೋಟೊದಲ್ಲೂ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ. ಬಿಳಿ ಬೂಷ್ಟಿನದು, ತೊಳೆದ ಸಿಪ್ಪೆಯದು, ನೀಲಿಯದು ಇವನ್ನು ಹೆರಿಗೆಯವರೆಗೆ ದೂರವಿಡಲಿ. ಆಸೆಯಾದರೆ ಕಾಂಟೆಯಂಥ ಗಟ್ಟಿ ಚೀಸಿನ ಸಿಪ್ಪೆ ತೆಗೆದು ತಿನ್ನಲಿ, ಆದರೂ ಒಮ್ಮೆ ಅವರ ಡಾಕ್ಟರನ್ನು ಕೇಳಿ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ, ಹೆದರುವುದನ್ನು ಬಿಡುವ ಯೋಚನೆಯೂ ಇಲ್ಲ.

ಪ್ರಶ್ನೆ: ಚೀಸ್ ಸ್ಲೈಸ್ ಪ್ಯಾಕೆಟ್ಟನ್ನು ಫ್ರಿಜ್‌ನಲ್ಲಿ ಎರಡು ವರ್ಷ ಇಟ್ಟರೆ ಮಾಗುತ್ತದೆಯೇ?

ಇಲ್ಲ. ಅದನ್ನು ಕಾಯಿಸಿಯೇ ಮಾಡುತ್ತಾರೆ, ಮಾಗಿಸುವ ಜೀವಿಗಳು ಆಗಲೇ ಸತ್ತಿರುತ್ತವೆ. ಎರಡು ವರ್ಷದ ನಂತರ ಸಿಗುವುದು ಅವಧಿ ಮುಗಿದ ಪ್ಯಾಕೆಟ್.