ಹೊಸಬರ ಮೊದಲ ವಾರ: ಓದಲಿ, ಕರಡು ಬರೆಯಲಿ, ಕಳುಹಿಸುವುದು ಆಮೇಲೆ

ಪ್ರಶ್ನೆ: ಮಂಡ್ಯದಿಂದ ಬೆಲ್ಲ ಮತ್ತು ಗಾಣದ ಎಣ್ಣೆಯನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಗ್ರಾಹಕರ ಮೇಲ್‌ಗಳೆಲ್ಲ ಒಂದೇ ಇನ್‌ಬಾಕ್ಸ್‌ಗೆ ಬರುತ್ತವೆ, ನಾಲ್ವರು ಉತ್ತರಿಸುತ್ತೇವೆ. ಸೋಮವಾರ ಹೊಸ ಹುಡುಗಿಯೊಬ್ಬಳು ಸೇರುತ್ತಾಳೆ. ಕೆಲಸ ಮಾಡುತ್ತಲೇ ಕಲಿಯಲಿ ಎಂದು ಬಿಟ್ಟುಬಿಡಬಹುದೇ?

ಉತ್ತರ: ಬಿಡಬಾರದು. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ‘ನೀರಿಗೆ ಬಿದ್ದರೆ ಈಜು ತಾನಾಗಿ ಬರುತ್ತದೆ’ ಎಂದು ಹೇಳಿಕೊಡುವವರ ಮಾತನ್ನು ದಯವಿಟ್ಟು ನಂಬಬೇಡಿ. ಇಲ್ಲಿ ಆಕೆಯ ತಪ್ಪಿಗೆ ಬೆಲೆ ತೆರುವವರು ನಿಮ್ಮ ಗ್ರಾಹಕರು.

ಶನಿವಾರ, ಭಾನುವಾರದ ಪತ್ರಗಳು ಸೋಮವಾರ ಬೆಳಿಗ್ಗೆ ಒಟ್ಟಾಗಿ ಕಾದಿರುತ್ತವೆ. ಅಂದು ಆಕೆ ಅವುಗಳನ್ನು ಮುಟ್ಟಲೇಬಾರದು. ಎಲ್ಲರೂ ಒಂದೇ ಪೆಟ್ಟಿಗೆಯನ್ನು ತೆರೆಯುವ ವ್ಯವಸ್ಥೆಯಲ್ಲಿ ಒಬ್ಬರು ಓದಿದ ಪತ್ರ ಉಳಿದವರಿಗೂ ಓದಿದಂತೆಯೇ ಕಾಣುತ್ತದೆ. ಕಲಿಯುವ ಉತ್ಸಾಹದಲ್ಲಿ ಆಕೆ ನಲವತ್ತು ಪತ್ರ ತೆರೆದರೆ, ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಆ ನಲವತ್ತನ್ನೂ ನೀವು ದಾಟಿ ಹೋಗುತ್ತೀರಿ. ಬದಲಿಗೆ ಕಳೆದ ತಿಂಗಳು ಮುಗಿದುಹೋದ ಮೂವತ್ತು ಪತ್ರವ್ಯವಹಾರಗಳನ್ನು ಆರಿಸಿಕೊಡಿ. ಗ್ರಾಹಕರಿಗೆ ನಿಜವಾಗಿ ಏನು ಬೇಕಿತ್ತು, ನಮ್ಮವರಲ್ಲಿ ಯಾರು ಏನೆಂದು ಮಾತು ಕೊಟ್ಟರು ಎಂಬುದನ್ನು ಪ್ರತಿಯೊಂದಕ್ಕೂ ಒಂದೆರಡು ಸಾಲಿನಲ್ಲಿ ಆಕೆ ಬರೆಯಲಿ.

ಮಂಗಳವಾರ ಮತ್ತು ಬುಧವಾರ ಒಂದೇ ಬಗೆಯ ಪತ್ರಗಳನ್ನು ಕೊಡಿ, ‘ಪಾರ್ಸೆಲ್ ಎಲ್ಲಿದೆ’ ಎಂಬುವು ಸಾಕು. ಆಕೆ ಕರಡು ಬರೆದು ನಿಲ್ಲಿಸಬೇಕು. ಬೆಳಿಗ್ಗೆ ಹನ್ನೊಂದೂವರೆಗೆ ಮತ್ತು ಸಂಜೆ ನಾಲ್ಕಕ್ಕೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ನೋಡಿದ ಮೇಲೆಯೇ ಅದು ಹೋಗಬೇಕು. ಹಿರಿಯರು ತಾವೇ ತಿದ್ದಿ ಕಳುಹಿಸಿಬಿಟ್ಟರೆ ಆಕೆ ಏನನ್ನೂ ಕಲಿಯುವುದಿಲ್ಲ. ಕಾರಣ ಹೇಳಿ ಆಕೆಯಿಂದಲೇ ಮತ್ತೆ ಬರೆಸಬೇಕು. ಇದಕ್ಕೆ ದಿನಕ್ಕೆ ಒಂದು ಗಂಟೆಯಾದರೂ ಬೇಕಾಗುವುದರಿಂದ ಆ ಹಿರಿಯರ ಪಾಲಿನ ಪತ್ರಗಳನ್ನು ಈ ವಾರ ಉಳಿದ ಮೂವರು ಹಂಚಿಕೊಳ್ಳಿ.

ಕರಡಿಗೆ ಕೈ ಹಾಕುವ ಮೊದಲು ಪತ್ರವನ್ನು ತನ್ನ ಹೆಸರಿಗೆ ಹಾಕಿಕೊಂಡು, ಆಮೇಲೆ ಗ್ರಾಹಕರ ವಿಳಾಸವನ್ನೂ ಆರ್ಡರ್ ಸಂಖ್ಯೆಯನ್ನೂ ಇನ್‌ಬಾಕ್ಸ್‌ನಲ್ಲಿ ಹುಡುಕುವ ಅಭ್ಯಾಸ ಆಕೆಗೆ ಆಗಲೇಬೇಕು. ಏಕೆಂದು ಒಂದು ಉದಾಹರಣೆ ನೋಡಿ. ‘ಬೆಲ್ಲ ಇನ್ನೂ ಬಂದಿಲ್ಲ’ ಎಂದು ಮಂಗಳವಾರ ಒಂದು ಪತ್ರ ಬರುತ್ತದೆ. ಕೊರಿಯರ್‌ನವರ ಪುಟ ನೋಡಿದರೆ ಪಾರ್ಸೆಲ್ ದಾರಿಯಲ್ಲಿದೆ. ‘ಎರಡು ದಿನದಲ್ಲಿ ತಲುಪುತ್ತದೆ’ ಎಂದು ಆಕೆ ಬರೆಯುತ್ತಾಳೆ. ಆದರೆ ಅದೇ ಗ್ರಾಹಕರು ಶನಿವಾರ ‘ಆರ್ಡರ್ ರದ್ದು ಮಾಡಿ’ ಎಂದು ಬೇರೊಂದು ಪತ್ರ ಬರೆದಿದ್ದರು, ನಿಮ್ಮಲ್ಲೊಬ್ಬರು ಹಣ ಹಿಂತಿರುಗಿಸುತ್ತೇವೆ ಎಂದೂ ಒಪ್ಪಿದ್ದರು. ವಿಷಯದ ಸಾಲು ಬೇರೆಯಾಗಿರುವುದರಿಂದ ಆ ಪತ್ರ ಇದರ ಜೊತೆ ಸೇರಿಕೊಳ್ಳದೆ ಕೆಳಗೆಲ್ಲೋ ಪ್ರತ್ಯೇಕವಾಗಿ ಉಳಿದಿದೆ. ಈ ಕರಡು ಹೋದರೆ ಒಂದೇ ಅಂಗಡಿ ಎರಡು ಮಾತು ಆಡಿದಂತಾಗುತ್ತದೆ, ಹಣವೂ ಬೆಲ್ಲವೂ ಎರಡೂ ನಿಮ್ಮ ಕೈಬಿಟ್ಟು ಹೋಗುತ್ತವೆ.

ವಿಳಾಸ ಹುಡುಕಿದ್ದರೆ ಶನಿವಾರದ ಪತ್ರ ಅರೆ ನಿಮಿಷದಲ್ಲಿ ಸಿಗುತ್ತಿತ್ತು. ಮಗನ ಮೇಲ್‌ನಿಂದ ಆರ್ಡರ್ ಮಾಡಿ ತಂದೆಯ ಮೇಲ್‌ನಿಂದ ದೂರು ಬರೆಯುವ ಮನೆಗಳೂ ಇರುವುದರಿಂದ ವಿಳಾಸವೊಂದೇ ಸಾಲದು, ಆರ್ಡರ್ ಸಂಖ್ಯೆಯೂ ಬೇಕು. ಹಳೆಯ ಪತ್ರ ಸಿಕ್ಕ ಮೇಲೆ ಆಕೆ ಉತ್ತರ ಬರೆಯಬಾರದು. ಮಾತು ಕೊಟ್ಟವರ ಹೆಸರಿಗೆ ಎರಡನ್ನೂ ವರ್ಗಾಯಿಸಿ, ‘ಶನಿವಾರ ಹಣ ಕೊಡುವುದಾಗಿ ಹೇಳಿದ್ದೇವೆ, ಪಾರ್ಸೆಲ್ ಇನ್ನೂ ದಾರಿಯಲ್ಲಿದೆ, ಅದನ್ನು ವಾಪಸ್ ಕರೆಸಬೇಕೇ?’ ಎಂದು ಒಳಟಿಪ್ಪಣಿ ಬರೆದರೆ ಆಕೆಯ ಕೆಲಸ ಮುಗಿಯಿತು.

ಸತತವಾಗಿ ಆರು ಕರಡುಗಳು ತಿದ್ದುಪಡಿಯಿಲ್ಲದೆ ದಾಟಿದರೆ ಗುರುವಾರದಿಂದ ಆ ಒಂದು ಬಗೆಯನ್ನು ತಾನೇ ಕಳುಹಿಸಲಿ, ದಾಟದಿದ್ದರೆ ಕರಡೇ ಮುಂದುವರಿಯಲಿ. ಹಣ ವಾಪಸಾತಿ, ಕೋರ್ಟಿನ ಬೆದರಿಕೆ, ಬೆಲ್ಲಕ್ಕೆ ಬೂಷ್ಟು ಬಂದಿದೆ ಎಂಬ ದೂರು ಈ ವಾರ ಆಕೆಗೆ ಬೇಡ. ಮಳೆಗಾಲದ ತೇವಕ್ಕೆ ಬೆಲ್ಲ ಜಿನುಗುವುದು ಸಾಮಾನ್ಯ, ಬೂಷ್ಟು ಹಿಡಿದದ್ದು ಬೇರೆ. ಅನುಭವವಿಲ್ಲದವರು ‘ಪರವಾಗಿಲ್ಲ, ತಿನ್ನಬಹುದು’ ಎಂದು ಬರೆದುಬಿಟ್ಟರೆ ಅದು ಯಾರದೋ ಹೊಟ್ಟೆಯ ಪ್ರಶ್ನೆಯಾಗುತ್ತದೆ. ಈ ವಿಚಾರದಲ್ಲಿ ನನ್ನದು ಅತಿ ಎಚ್ಚರಿಕೆ ಎನಿಸಿದರೂ ಸರಿಯೇ.

ಶುಕ್ರವಾರ ಸಂಜೆ ಆಕೆಯ ಹೆಸರಿನಲ್ಲಿರುವ ಪ್ರತಿಯೊಂದು ಪತ್ರವನ್ನೂ ಒಟ್ಟಿಗೆ ತೆರೆಯಿರಿ. ಒಂದೋ ಅದು ಮುಗಿದಿರಬೇಕು, ಇಲ್ಲವೇ ಯಾರ ಉತ್ತರಕ್ಕಾಗಿ ಯಾವ ದಿನದವರೆಗೆ ಕಾಯುತ್ತಿದೆ ಎಂದು ಬರೆದಿರಬೇಕು. ಹೆಸರಿಗೆ ಹಾಕಿಕೊಂಡು ಒಂದು ದಿನ ಕಳೆದರೂ ಟಿಪ್ಪಣಿಯಿಲ್ಲದ ಪತ್ರಗಳು ಕಂಡರೆ, ಅಥವಾ ವಾರವಿಡೀ ಆಕೆ ಒಂದು ಪ್ರಶ್ನೆಯನ್ನೂ ಕೇಳಿರದಿದ್ದರೆ, ಆಕೆ ತೊಡಕಿನ ಪತ್ರಗಳನ್ನು ಬದಿಗೆ ಸರಿಸುತ್ತಿದ್ದಾಳೆ ಎಂದೇ ತಿಳಿಯಿರಿ.

ಪ್ರಶ್ನೆ: ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು, ಯಾವ ಉತ್ತರ ಯಾವ ಪತ್ರಕ್ಕೆ ಎಂಬುದು ಬಾಯಿಪಾಠದಿಂದ ಬರುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಎರಡು ದಿನದ ಸರ್ಟಿಫಿಕೇಟ್ ತರಬೇತಿ ಇದೆಯಂತೆ, ಹೊಸಬರನ್ನು ಕಳುಹಿಸೋಣವೇ?

ಉತ್ತರ: ನಿಮ್ಮ ಇನ್‌ಬಾಕ್ಸ್ ತೆರೆದು ನೋಡದವರು ಅದರಲ್ಲಿ ಕೆಲಸ ಮಾಡುವುದನ್ನು ಕಲಿಸಲಾರರು, ಆ ಹಣ ಉಳಿಸಿ.

ಪ್ರಶ್ನೆ: ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದೇವೆ, ಹೊಸಬರಿಗೂ ಅದನ್ನೇ ಕೊಡಬಹುದಲ್ಲವೇ?

ಉತ್ತರ: ಖಂಡಿತ ಬೇಡ. ಜಿಮೇಲ್‌ನಲ್ಲೇ ಪಾಸ್‌ವರ್ಡ್ ಕೊಡದೆ ಇನ್ನೊಬ್ಬರಿಗೆ ಪ್ರವೇಶ ವಹಿಸಿಕೊಡುವ ಸೌಲಭ್ಯವಿದೆ. ಅವರು ಕೆಲಸ ಬಿಟ್ಟ ದಿನ ಅವರೊಬ್ಬರ ಪ್ರವೇಶವನ್ನಷ್ಟೇ ತೆಗೆದರೆ ಸಾಕು.