ಫೋಟೋ ನಿಜದ ಥರ ಕಂಡರೆ ಅದು ನಡೆದಂತೆಯೇ?

ಪ್ರಶ್ನೆ: ನಮ್ಮದು ಹಾಸನ. ಶಾಲೆಯ ಪ್ರಾರ್ಥನೆ ವೇಳೆ ಎರಡು ನಿಮಿಷ ಮಾತಾಡಬೇಕು. ಫೋಟೋ ನಿಜದ ಥರ ಕಂಡರೂ ಅದು ನಡೆದಿದ್ದಕ್ಕೆ ಸಾಕ್ಷಿ ಅಲ್ಲ ಅಂತ ಹೇಗೆ ಹೇಳಲಿ?

ಉತ್ತರ: ಕಾಟಿಂಗ್ಲಿಯ ಕಥೆ ಹೇಳಿ, ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. 1917ರಲ್ಲಿ ಇಂಗ್ಲೆಂಡಿನ ಆ ಹಳ್ಳಿಯಲ್ಲಿ 16 ವರ್ಷದ ಎಲ್ಸಿ ಮತ್ತು 9 ವರ್ಷದ ಫ್ರಾನ್ಸಿಸ್ ರೆಕ್ಕೆಯಿರುವ ಕಿನ್ನರಿಯರ ಫೋಟೋ ತೆಗೆದರು. ಪರಿಣತರೊಬ್ಬರು ನೆಗೆಟಿವ್ ನೋಡಿ, ಇದನ್ನು ತಿದ್ದಿಲ್ಲ ಎಂದರು. ತಮಾಷೆ ಏನೆಂದರೆ, ಹುಡುಗಿಯರು ನಿಜಕ್ಕೂ ಫೋಟೋ ತೆಗೆದೇ ಇದ್ದರು! ಕಾಗದದಲ್ಲಿ ಬಿಡಿಸಿ ಕತ್ತರಿಸಿದ ಬೊಂಬೆಗಳನ್ನು ಟೋಪಿ ಪಿನ್ನು ಚುಚ್ಚಿ ನಿಲ್ಲಿಸಿದ್ದರು, ಅಷ್ಟೇ. ಕ್ಯಾಮೆರಾ ಎದುರಿಗಿದ್ದದ್ದನ್ನು ಹಿಡಿಯಿತು. ಅದು ಕಾಗದವೋ ಜೀವವೋ ಅಂತ ಅದಕ್ಕೇನು ಗೊತ್ತು? ಒಂದು ಫೋಟೋದಲ್ಲಿ ಪಿನ್ನಿನ ತುದಿಯೂ ಕಾಣುತ್ತಿತ್ತು. ಪತ್ತೇದಾರಿ ಕಥೆಗಳ ಕಾನನ್ ಡಾಯ್ಲ್ ಅದನ್ನೇ ಹೊಕ್ಕುಳು ಅಂದುಕೊಂಡರು. ನಂಬುವ ಆಸೆ ಇದ್ದವರಿಗೆ ಹಾಗೆಯೇ ಕಾಣುತ್ತದೆ. ಇಬ್ಬರೂ ಗುಟ್ಟು ಬಿಟ್ಟುಕೊಟ್ಟದ್ದು 1983ರಲ್ಲಿ.

ಈಗಂತೂ ಕಾಗದ, ಪಿನ್ನು, ಕ್ಯಾಮೆರಾ ಯಾವುದೂ ಬೇಡ, ಎಐಗೆ ಒಂದು ಸಾಲು ಬರೆದರೆ ಸಾಕು. ನಾಳೆ ಹಾಸನದ ಬಸ್ ಸ್ಟ್ಯಾಂಡಲ್ಲಿ ಕಾಡಾನೆ ಅಂತ ಫೋಟೋ ಬಂದರೆ ಸುಮ್ನೆ ಸೊಂಡಿಲು, ನೆರಳು ಅಳೆಯುತ್ತಾ ಕೂರಬೇಡಿ. ಆನೆ ನಿಜವಿದ್ದು ಊರು ಬೇರೆ ಇರಬಹುದು, ಫೋಟೋ ಹಳೆಯದಿರಬಹುದು. ತೆಗೆದವರು ಯಾರು, ಯಾವಾಗ ಅಂತ ಕೇಳಿ. ಅಷ್ಟು ಜನರಿರುವ ಜಾಗದಲ್ಲಿ ಬೇರೆ ಮೊಬೈಲ್‌ಗಳಲ್ಲೂ ಅದೇ ಆನೆ ಸಿಗಬೇಕು ಅಲ್ವಾ?